ವಾರಗಟ್ಟಲೆ ನಿಂತ ಕಾರು ಸ್ಟಾರ್ಟ್ ಆಗದಿದ್ದರೆ: ಬ್ಯಾಟರಿಯನ್ನು ಮಲ್ಟಿಮೀಟರಿನಿಂದ ಅಳೆದು ನೋಡುವ ಕ್ರಮ

ಮೂರು ವಾರ ನಿಂತಿದ್ದ ಕಾರಿನ ಕೀಲಿ ತಿರುಗಿಸಿದಾಗ ಟಕ್ ಟಕ್ ಟಕ್ ಎಂದು ಸದ್ದಾಗಿ ಮೀಟರಿನ ದೀಪಗಳು ಮಂಕಾದರೆ, ಹುಬ್ಬಳ್ಳಿ-ಧಾರವಾಡದ ಕಡೆ ಮೊದಲು ಕೇಳಿಬರುವ ಮಾತು, "ಬ್ಯಾಟರಿ ಹೋಗೇತ್ರಿ, ಹೊಸಾದು ಹಾಕಿಸಿಬಿಡ್ರಿ." ಅದು ನಿಜವೂ ಇರಬಹುದು. ಆದರೆ ಬ್ಯಾಟರಿ ಇಳಿಯುವುದು ಬೇರೆ, ಬ್ಯಾಟರಿ ಸಾಯುವುದು ಬೇರೆ. ಇಳಿದದ್ದನ್ನು ಒಂದು ರಾತ್ರಿ ಚಾರ್ಜಿಗೆ ಹಾಕಿದರೆ ಮುಗಿಯಿತು. ಸತ್ತದ್ದಕ್ಕೆ ಮಾತ್ರ ಹೊಸದು ಬೇಕು. ಸೆಲ್ಫ್ ಹೊಡೆದಾಗ ಎರಡೂ ಒಂದೇ ತರಹ ಸದ್ದು ಮಾಡುತ್ತವೆ, ಕಿವಿಯಿಂದ ತೀರ್ಮಾನ ಆಗುವುದಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಈ ವ್ಯತ್ಯಾಸ ತೋರಿಸುತ್ತದೆ. ಆದರೆ ಒಂದೇ ಸಲ ಹಿಡಿದು ನೋಡಿದರೆ ಸಾಲದು. ಗಾಡಿ ಸುಮ್ಮನೆ ನಿಂತಾಗ ಒಮ್ಮೆ, ಸೆಲ್ಫ್ ಹೊಡೆಯುವಾಗ ಒಮ್ಮೆ, ಚಾರ್ಜ್ ಮಾಡಿ ಒಂದು ದಿನ ಬಿಟ್ಟು ಮತ್ತೊಮ್ಮೆ ನೋಡಬೇಕು.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಧಾರವಾಡದ ಸಪ್ತಾಪುರದಲ್ಲಿ ಮನೆ ಮುಂದೆ ನಿಂತ ಒಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್. ಅದರಲ್ಲಿರುವುದು 35 ಆಂಪಿಯರ್-ಅವರ್ ಬ್ಯಾಟರಿ, ನಾಲ್ಕು ವರ್ಷ ಹಳೆಯದು. ಮನೆಯವರು ಏಪ್ರಿಲ್ ಕೊನೆಗೆ ಊರಿಗೆ ಹೋಗಿ 21 ದಿನ ಬಿಟ್ಟು ಬಂದಿದ್ದಾರೆ. ಹೊಸದಾಗಿ ಸೇರಿದ್ದು ಒಂದು ಜಿಪಿಎಸ್ ಟ್ರ್ಯಾಕರ್ ಮಾತ್ರ. ಕೀಲಿ ತಿರುಗಿಸಿದರೆ ಟಕ್ ಟಕ್ ಎನ್ನುತ್ತದೆ, ಎಂಜಿನ್ ತಿರುಗುವುದಿಲ್ಲ.

ಸದ್ದು ಏನು ಹೇಳುತ್ತದೆ

ಬಾನೆಟ್ ಎತ್ತುವ ಮೊದಲು ಸದ್ದನ್ನು ಗಮನಿಸಿ. ಟಕಟಕಟಕ ಎಂದು ಬೇಗಬೇಗ ಬಡಿದುಕೊಂಡರೆ ಸೆಲ್ಫ್ ಮೋಟರಿಗೆ ಕರೆಂಟ್ ಜೋಡಿಸುವ ಸ್ವಿಚ್ಚಾದ ಸೊಲೆನಾಯ್ಡ್ ಎಳೆದುಕೊಳ್ಳುತ್ತಿದೆ, ಆದರೆ ಮೋಟರಿಗೆ ಕರೆಂಟ್ ಹೋದ ಕ್ಷಣವೇ ವೋಲ್ಟೇಜ್ ಕುಸಿದು ಸೊಲೆನಾಯ್ಡ್ ಕೈಬಿಡುತ್ತಿದೆ ಎಂದರ್ಥ. ಇದು ಇಳಿದ ಬ್ಯಾಟರಿಯ ಅಥವಾ ಕೆಟ್ಟ ಕನೆಕ್ಷನ್ನಿನ ಗುರುತು. ಒಂದೇ ಒಂದು ಗಟ್ಟಿ 'ಟಕ್' ಬಂದು ಸುಮ್ಮನಾದರೆ, ಹೆಡ್‌ಲೈಟ್ ಮಾತ್ರ ಪ್ರಖರವಾಗಿ ಉರಿಯುತ್ತಿದ್ದರೆ, ಅನುಮಾನ ಸೆಲ್ಫ್ ಮೋಟರಿನ ಮೇಲೆ. ಯಾವ ಸದ್ದೂ ಇಲ್ಲ, ದೀಪ ಚೆನ್ನಾಗಿದೆ ಎಂದರೆ ಕ್ಲಚ್ ಸ್ವಿಚ್, ಗೇರ್ ಸ್ಥಾನ, ರಿಲೇ, ಇಮ್ಮೊಬಿಲೈಸರ್ ಇವುಗಳನ್ನು ನೋಡಬೇಕು. ಎಂಜಿನ್ ಚೆನ್ನಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಬ್ಯಾಟರಿಯ ಸುದ್ದಿಯೇ ಬೇಡ, ಅದು ಪೆಟ್ರೋಲ್ ಅಥವಾ ಸ್ಪಾರ್ಕಿನ ಪ್ರಶ್ನೆ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಇಲಿ ವೈರ್ ಕಡಿದಿರುವುದೂ ಅಪರೂಪವಲ್ಲ. ಬಾನೆಟ್ ಎತ್ತಿದಾಗ ಕಡಿದ ಪ್ಲಾಸ್ಟಿಕ್ ಚೂರು, ಹಿಕ್ಕೆ ಕಂಡರೆ ಮೊದಲು ಅದನ್ನು ಹುಡುಕಿ.

ಮೀಟರನ್ನೇ ಮೊದಲು ನಂಬಬೇಡಿ

ಕಪ್ಪು ವೈರ್ `COM` ತೂತಿಗೆ, ಕೆಂಪು ವೈರ್ `V` ಎಂದು ಬರೆದ ತೂತಿಗೆ ಹಾಕಿ, ಡಯಲ್ಲನ್ನು ಡಿಸಿ ವೋಲ್ಟಿನ 20ಕ್ಕೆ ತಿರುಗಿಸಿ. ಡಿಸಿಯ ಗುರುತು ಒಂದು ನೇರ ಗೆರೆ, ಅದರ ಕೆಳಗೆ ತುಂಡು ಗೆರೆ. ಅಲೆಯಂತಿರುವ ಗುರುತು ಮನೆ ಕರೆಂಟಿನದು, ಇಲ್ಲಿ ಅದು ಬೇಡ.

ಎಚ್ಚರ ಇರಬೇಕಾದದ್ದು ಆಂಪಿಯರ್ ತೂತಿನ ಬಗ್ಗೆ. `10A` ಎಂದು ಬರೆದ ತೂತಿನಲ್ಲಿ ಕೆಂಪು ವೈರ್ ಉಳಿದಿರುವಾಗ ವೈರುಗಳ ತುದಿಯ ಪ್ರೋಬುಗಳನ್ನು ಬ್ಯಾಟರಿಯ ಎರಡು ತುದಿಗೆ ಮುಟ್ಟಿಸಿದರೆ ಅದು ನೇರ ಶಾರ್ಟ್. ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೇ ಇರುವುದಿಲ್ಲ. ವೈರ್ ಕರಗುತ್ತದೆ, ಕೈ ಸುಡುತ್ತದೆ. ಡಯಲ್ ಮಿಲಿಆಂಪಿಯರಿನಲ್ಲಿದ್ದರೂ ಇದೇ ಕತೆ, ಅಲ್ಲಿ ಒಳಗಿನ ಸಣ್ಣ ಫ್ಯೂಸ್ ಹೋಗುತ್ತದೆ.

ಇನ್ನೊಂದು ಮಾತು ಬಹಳ ಜನಕ್ಕೆ ಹೊಳೆಯುವುದಿಲ್ಲ. ಮೀಟರಿನೊಳಗಿನ 9 ವೋಲ್ಟ್ ಸೆಲ್ ಇಳಿದಿದ್ದರೆ ಅಗ್ಗದ ಮೀಟರುಗಳು ಇದ್ದದ್ದಕ್ಕಿಂತ ಹೆಚ್ಚಿಗೆ ತೋರಿಸುತ್ತವೆ. ಸ್ಕ್ರೀನಿನ ಮೂಲೆಯಲ್ಲಿ ಸೆಲ್ಲಿನ ಚಿಹ್ನೆ ಕಂಡರೆ ಆ ಮೀಟರಿನ ಲೆಕ್ಕವನ್ನೇ ಹಿಡಿಯಬೇಡಿ. ಅಂಗಡಿಯಿಂದ ತಂದ ಹೊಸ ಪೆನ್ಸಿಲ್ ಸೆಲ್ ಒಂದಕ್ಕೆ ಹಿಡಿದು ನೋಡಿ, 1.5ರಿಂದ 1.6 ವೋಲ್ಟ್ ಬರಬೇಕು. 1.8 ತೋರಿಸುವ ಮೀಟರು ಇಳಿದ ಕಾರ್ ಬ್ಯಾಟರಿಯನ್ನೂ ತುಂಬಿದೆ ಎಂದೇ ಹೇಳುತ್ತದೆ. ನಾವು ಇಲ್ಲಿ ನೋಡುವ ವ್ಯತ್ಯಾಸಗಳು ಅರ್ಧ ವೋಲ್ಟಿನ ಒಳಗಿನವು. ಅದಕ್ಕೇ ಇಷ್ಟು ಜಾಗ್ರತೆ.

ನಿಂತ ಗಾಡಿಯಲ್ಲಿ ಮೊದಲ ಅಳತೆ

ಕೀಲಿ ತೆಗೆದು, ಬಾಗಿಲು ಹಾಕಿ, ಒಳಗಿನ ದೀಪ ಆರಿಸಿ. ಬಾನೆಟ್ ಎತ್ತಿ ಕೆಂಪು ಪ್ರೋಬನ್ನು ಪಾಸಿಟಿವ್ ಮೇಲೆ, ಕಪ್ಪು ಪ್ರೋಬನ್ನು ನೆಗೆಟಿವ್ ಮೇಲೆ ಇಡಿ. ಇಡುವುದು ಸೀಸದ ಗೂಟದ ಮೇಲೆ, ಅದನ್ನು ಹಿಡಿದಿರುವ ಕ್ಲ್ಯಾಂಪಿನ ಮೇಲಲ್ಲ. ಕಾರಣ ಮುಂದೆ ಬರುತ್ತದೆ.

ಬ್ಯಾಟರಿಯೊಳಗೆ ಆರು ಸೆಲ್ ಇವೆ, ತುಂಬಿದ ಒಂದೊಂದೂ ಸುಮಾರು 2.1 ವೋಲ್ಟ್. ಹಾಗಾಗಿ ಪೂರ್ತಿ ತುಂಬಿದ ಬ್ಯಾಟರಿ 12.6ರಿಂದ 12.7 ತೋರಿಸುತ್ತದೆ, ಈಗಿನ ಮುಚ್ಚಿದ ಬ್ಯಾಟರಿಗಳಲ್ಲಿ ಕೂದಲೆಳೆ ಹೆಚ್ಚು. 12.4 ಎಂದರೆ ಮುಕ್ಕಾಲು ಪಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ ಮಾತ್ರ ಉಳಿದಿದೆ. 11.8ಕ್ಕೆ ಬಂದರೆ ಖಾಲಿ ಎಂದೇ ಲೆಕ್ಕ. 12 ವೋಲ್ಟ್ ಬ್ಯಾಟರಿ 12 ವೋಲ್ಟ್ ತೋರಿಸಿದ್ದಕ್ಕೆ ಸಮಾಧಾನ ಪಟ್ಟು ಮೀಟರ್ ಮಡಚಿಡುವವರು ಬಹಳ. ನಿಜದಲ್ಲಿ ಆ ಬ್ಯಾಟರಿ ಮುಕ್ಕಾಲು ಬರಿದಾಗಿದೆ.

ಈ ಅಂಕಿಗೆ ಒಂದು ಷರತ್ತಿದೆ. ಗಾಡಿ ಈಗಷ್ಟೇ ಓಡಿ ನಿಂತಿದ್ದರೆ, ಅಥವಾ ಚಾರ್ಜರ್ ಈಗಷ್ಟೇ ತೆಗೆದಿದ್ದರೆ, ಪ್ಲೇಟುಗಳ ಮೇಲ್ಮೈಯಲ್ಲಿ ನಿಂತ ಚಾರ್ಜಿನಿಂದ 13ರ ತನಕ ತೋರಿಸುತ್ತದೆ. ಅದು ಹುಸಿ. ಆರೆಂಟು ತಾಸು ಬಿಟ್ಟು ನೋಡಿ. ಅಷ್ಟು ಹೊತ್ತು ಇಲ್ಲದಿದ್ದರೆ ಹೆಡ್‌ಲೈಟನ್ನು ಎರಡು ನಿಮಿಷ ಹಚ್ಚಿ, ಆರಿಸಿ, ಐದು ನಿಮಿಷ ಬಿಟ್ಟು ನೋಡಿ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಈ ತೊಂದರೆ ಇಲ್ಲ, ಅದು ಈಗಾಗಲೇ ಸಾಕಷ್ಟು ವಿಶ್ರಾಂತಿ ತೆಗೆದುಕೊಂಡಿದೆ.

ಕೆಲವು ಬ್ಯಾಟರಿಗಳ ಮೇಲಿರುವ ಹಸಿರು ಕಣ್ಣು ಒಂದೇ ಸೆಲ್ಲಿನ ಸ್ಥಿತಿ ತೋರಿಸುತ್ತದೆ. ಉಳಿದ ಐದರ ಸುದ್ದಿ ಅದಕ್ಕೆ ಗೊತ್ತಿಲ್ಲ. ಹಸಿರು ಇದ್ದ ಮಾತ್ರಕ್ಕೆ ಬ್ಯಾಟರಿ ಚೆನ್ನಾಗಿದೆ ಎನ್ನಲಾಗದು.

ಸಪ್ತಾಪುರದ ಗಾಡಿ ಇಲ್ಲಿ 11.74 ತೋರಿಸಿತು. ಇಳಿದಿದೆ ಎಂಬುದು ಖಚಿತ. ಸತ್ತಿದೆಯೋ ಇಲ್ಲವೋ ಈ ಅಂಕಿ ಹೇಳುವುದಿಲ್ಲ. ಇದೇ ಜಾಗದಲ್ಲಿ 10.5ರ ಆಸುಪಾಸು ಬಂದಿದ್ದರೆ ಒಂದು ಸೆಲ್ ಪೂರ್ತಿ ಹೋಗಿರುವ ಅನುಮಾನ ಏಳುತ್ತಿತ್ತು, ಏಕೆಂದರೆ ಐದು ಸೆಲ್ಲಿಗೆ 2.1ರಂತೆ ಅಷ್ಟೇ ಆಗುತ್ತದೆ. ಆದರೂ ಅದು ಬರಿ ಅನುಮಾನ. ತೀರಾ ಬಸಿದುಹೋದ ಒಳ್ಳೆಯ ಬ್ಯಾಟರಿಯೂ ಅಲ್ಲಿಗೆ ಇಳಿಯಬಹುದು. ಚಾರ್ಜ್ ಮಾಡಿದ ಮೇಲೂ ಅದೇ 10.5ಕ್ಕೆ ಬಂದು ನಿಂತರೆ ಮಾತ್ರ ಸೆಲ್ ಹೋದದ್ದು ನಿಜ.

ಇಷ್ಟು ದಿನದಲ್ಲಿ ಇಷ್ಟು ಇಳಿಯುತ್ತದೆಯೇ

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು, ದೋಷ ಎಲ್ಲಿದೆ ಎಂಬುದು ಇದರಿಂದಲೇ ಗೊತ್ತಾಗುವುದು. ಕೀಲಿ ತೆಗೆದ ಮೇಲೂ ಕಾರು ಪೂರ್ತಿ ಮಲಗುವುದಿಲ್ಲ. ಗಡಿಯಾರ, ಅಲಾರಂ, ರಿಮೋಟ್ ಲಾಕಿನ ರಿಸೀವರ್, ಎಂಜಿನ್ ಕಂಪ್ಯೂಟರಿನ ನೆನಪು, ಇವೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಎಳೆಯುತ್ತಲೇ ಇರುತ್ತವೆ. ಇದು ದೋಷವಲ್ಲ.

25 ಮಿಲಿಆಂಪಿಯರ್ ಎಳೆದರೆ ದಿನಕ್ಕೆ 0.6 ಆಂಪಿಯರ್-ಅವರ್. 21 ದಿನಕ್ಕೆ 12.6. ತುಂಬಿದ 35ರ ಬ್ಯಾಟರಿ ಇದನ್ನು ತಾಳಿಕೊಂಡು ಸ್ಟಾರ್ಟ್ ಮಾಡುತ್ತದೆ. ಟ್ರ್ಯಾಕರ್ ಇನ್ನೊಂದು 35 ಎಳೆದು ಒಟ್ಟು 60 ಆದರೆ ದಿನಕ್ಕೆ 1.44, 21 ದಿನಕ್ಕೆ 30 ಆಂಪಿಯರ್-ಅವರ್. 35ರಲ್ಲಿ 30 ಹೋದರೆ ಮೀಟರು 11.8ರ ಆಸುಪಾಸು ತೋರಿಸುವುದು ಸಹಜ. ಬಿಸಿಲಿನ ಪಾಲೂ ಇದರಲ್ಲಿ ಸೇರುತ್ತದೆ. ಬ್ಯಾಟರಿ ಯಾವುದಕ್ಕೂ ಜೋಡಿಸದೆ ಇಟ್ಟರೂ ಒಳಗೊಳಗೇ ಸೋರುತ್ತದೆ, ಶಾಖ 10 ಡಿಗ್ರಿ ಏರಿದರೆ ಆ ಸೋರಿಕೆ ಸುಮಾರು ದುಪ್ಪಟ್ಟು. ಹುಬ್ಬಳ್ಳಿ, ಗದಗದ ಏಪ್ರಿಲ್-ಮೇ ಬಿಸಿಲಲ್ಲಿ ನೆರಳಿಲ್ಲದೆ ನಿಂತ ಗಾಡಿಯ ಬಾನೆಟ್ಟಿನೊಳಗೆ ಅದು ಇನ್ನೂ ಜಾಸ್ತಿ.

ಹೀಗೆ ಲೆಕ್ಕ ಹೊಂದಿಕೆಯಾದರೆ ಬ್ಯಾಟರಿಯನ್ನು ಬೈಯಲು ಇನ್ನೂ ಕಾರಣ ಸಿಕ್ಕಿಲ್ಲ. ನಾಲ್ಕೇ ದಿನ ನಿಂತು 11.7ಕ್ಕೆ ಬಂದಿದ್ದರೆ ಮಾತ್ರ ಬೇರೆ. ಆಗ ಒಂದೋ ಬ್ಯಾಟರಿಯ ಹೊಟ್ಟೆ ಕುಗ್ಗಿದೆ, ಇಲ್ಲವೇ ಗಾಡಿಯಲ್ಲಿ ಯಾವುದೋ ದೊಡ್ಡದಾಗಿ ಎಳೆಯುತ್ತಿದೆ. ಡಿಕ್ಕಿಯೊಳಗಿನ ದೀಪ ಆರದೇ ಉಳಿದಿದ್ದರೂ ಇದೇ ಆಗುತ್ತದೆ.

ಮುಂದಿನ ಪರೀಕ್ಷೆಗೆ ಮುನ್ನ ಚಾರ್ಜ್

ಇಳಿದ ಬ್ಯಾಟರಿಯ ಮೇಲೆ ಸೆಲ್ಫ್ ಹೊಡೆದು ಬರುವ ಅಂಕಿಗೆ ಅರ್ಥವಿಲ್ಲ. ಈ ಗಾಡಿಯಲ್ಲಿ 7.6ಕ್ಕೆ ಕುಸಿಯಿತು, ಒಳ್ಳೆಯ ಬ್ಯಾಟರಿಯೂ ಖಾಲಿ ಇದ್ದಾಗ ಹಾಗೇ ಕುಸಿಯುತ್ತದೆ. ಆದ್ದರಿಂದ ಪದೇ ಪದೇ ಸೆಲ್ಫ್ ಹೊಡೆಯುವುದು ಬಿಟ್ಟು ಚಾರ್ಜಿಗೆ ಹಾಕಿ.

ತೆಗೆಯುವಾಗ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್. ಹಾಕುವಾಗ ಇದರ ತಿರುಗುಮುರುಗು. ಹೆಚ್ಚಿನ ಗಾಡಿಗಳಲ್ಲಿ 10 ನಂಬರಿನ ಸ್ಪ್ಯಾನರ್ ಸಾಕು. ಪಾಸಿಟಿವ್ ನಟ್ಟು ಮೊದಲು ಬಿಚ್ಚಲು ಹೋದರೆ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿ ಕಿಡಿ ಹಾರುತ್ತದೆ. ನೆಗೆಟಿವ್ ಬಿಚ್ಚಿದ ಮೇಲೆ ಆ ಭಯ ಇಲ್ಲ.

ಚಾರ್ಜಿನ ವೇಗ ಬ್ಯಾಟರಿಯ ಗಾತ್ರದ ಹತ್ತನೇ ಒಂದು ಭಾಗ ಇದ್ದರೆ ಒಳ್ಳೆಯದು. 35ರ ಬ್ಯಾಟರಿಗೆ 3.5 ಆಂಪಿಯರ್. 30 ಆಂಪಿಯರ್-ಅವರ್ ತುಂಬಲು ಲೆಕ್ಕಕ್ಕೆ ಎಂಟೂವರೆ ತಾಸು ಬರುತ್ತದೆ, ಆದರೆ ಕೊಟ್ಟದ್ದೆಲ್ಲ ಒಳಗೆ ಇಳಿಯುವುದಿಲ್ಲ ಮತ್ತು ಕೊನೆಕೊನೆಗೆ ಬ್ಯಾಟರಿ ನಿಧಾನವಾಗಿ ತೆಗೆದುಕೊಳ್ಳುತ್ತದೆ. ಹನ್ನೊಂದು-ಹನ್ನೆರಡು ತಾಸು ಹಿಡಿಯಿರಿ. ಗೋಕುಲ ರಸ್ತೆಯಂಥ ಕಡೆ ಬ್ಯಾಟರಿ ಅಂಗಡಿಯಲ್ಲಿ ಕೊಟ್ಟರೆ "ಎರಡು ತಾಸಿನ್ಯಾಗ ಕೊಡ್ತೀವಿ" ಎನ್ನುವುದಕ್ಕಿಂತ "ನಾಳೆ ಬರ್ರಿ" ಎನ್ನುವುದು ಒಳ್ಳೆಯ ಲಕ್ಷಣ. ಎರಡು ತಾಸಿನ ಚಾರ್ಜ್ ಗಾಡಿಯನ್ನು ಸ್ಟಾರ್ಟ್ ಮಾಡೀತು, ಬ್ಯಾಟರಿಯನ್ನು ತುಂಬಿಸದು.

ಮನೆಯ ಇನ್ವರ್ಟರಿಗೆ ಕಾರ್ ಬ್ಯಾಟರಿ ಜೋಡಿಸಿ ಚಾರ್ಜ್ ಮಾಡುವ ಪ್ರಯತ್ನ ಬೇಡ. ಇನ್ವರ್ಟರಿನ ಚಾರ್ಜರ್ ಲೆಕ್ಕ ಹಾಕಿರುವುದು 150 ಆಂಪಿಯರ್-ಅವರ್ ದೊಡ್ಡ ಬ್ಯಾಟರಿಗೆ, ಅದು 10-15 ಆಂಪಿಯರ್ ನೂಕುತ್ತದೆ. 35ರ ಬ್ಯಾಟರಿ ಕುದ್ದು ಗ್ಯಾಸ್ ಬಿಡುತ್ತದೆ. ಸರಿಯಾದ ಚಾರ್ಜರಿನಲ್ಲೂ ಕೊನೆ ಹಂತಕ್ಕೆ ಹೈಡ್ರೋಜನ್ ಬರುತ್ತದೆ. ಕಿಟಕಿ ಮುಚ್ಚಿದ ಕೋಣೆ, ದೇವರ ಮುಂದಿನ ದೀಪ, ಗ್ಯಾಸ್ ಒಲೆ ಇವುಗಳ ಹತ್ತಿರ ಇಡಬಾರದು. ಕ್ಲಿಪ್ಪು ತೆಗೆಯುವ ಮೊದಲು ಚಾರ್ಜರಿನ ಸ್ವಿಚ್ ಆರಿಸಿ.

ಬ್ಯಾಟರಿಯ ಮೇಲೆ ಬಿಚ್ಚುವ ಮುಚ್ಚಳಗಳಿದ್ದರೆ ಒಳಗಿನ ನೀರು ನೋಡಿ. ಪ್ಲೇಟುಗಳು ಮುಳುಗಿರಬೇಕು. ಕಡಿಮೆ ಇದ್ದರೆ ಪ್ಲೇಟು ಮುಚ್ಚುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ ಚಾರ್ಜ್ ಮಾಡಿ, ಗುರುತಿನ ಗೆರೆಯ ತನಕ ಏರಿಸುವುದು ಚಾರ್ಜ್ ಆದ ಮೇಲೆ. ನಳದ ನೀರು ಬೇಡ, ಮಲಪ್ರಭಾದ್ದೇ ಇರಲಿ ಬೋರಿನದೇ ಇರಲಿ, ಅದರ ಲವಣ ಪ್ಲೇಟನ್ನು ತಿನ್ನುತ್ತದೆ.

ಚಾರ್ಜ್ ಆಗುವಾಗಲೇ ಒಂದು ಸುಳಿವು ಸಿಗುತ್ತದೆ. 11.74ರಲ್ಲಿದ್ದ ಬ್ಯಾಟರಿ ಅರ್ಧ-ಒಂದು ತಾಸಿನಲ್ಲೇ ತುಂಬಿತು ಎಂದು ಚಾರ್ಜರ್ ಹಸಿರು ದೀಪ ತೋರಿಸಿದರೆ ಖುಷಿಪಡಬೇಡಿ. ಬಹಳ ದಿನ ಖಾಲಿ ಬಿದ್ದ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂತುಬಿಡುತ್ತದೆ. ಆಗ ಒಳಗೆ ಕರೆಂಟ್ ಇಳಿಯುವುದಿಲ್ಲ, ವೋಲ್ಟೇಜ್ ಮಾತ್ರ ಸರ್ರನೆ ಏರುತ್ತದೆ, ಚಾರ್ಜರ್ ಮೋಸಹೋಗುತ್ತದೆ. ಮೂರು ವಾರ ನಿಂತದ್ದು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ನಾಲ್ಕೈದು ತಿಂಗಳು ಖಾಲಿಯಾಗಿ ಬಿದ್ದದ್ದು ಬಹುಮಟ್ಟಿಗೆ ಹೋದ ಹಾಗೆಯೇ. ತೀರಾ ಇಳಿದ ಬ್ಯಾಟರಿಯನ್ನು ಕೆಲವು ಆಟೋಮ್ಯಾಟಿಕ್ ಚಾರ್ಜರುಗಳು ಗುರುತಿಸುವುದೇ ಇಲ್ಲ. ಅದು ಚಾರ್ಜರಿನ ಮಿತಿ, ಬ್ಯಾಟರಿಯ ಮರಣಪತ್ರವಲ್ಲ.

ಚಾರ್ಜ್ ಆದ ಬ್ಯಾಟರಿಗೆ ನೆಗೆಟಿವ್ ಜೋಡಿಸದೆ ಒಂದು ರಾತ್ರಿ ಬಿಡಿ. ಬೆಳಿಗ್ಗೆ ನೋಡಿ, ಮತ್ತೊಂದು ದಿನ ಬಿಟ್ಟು ನೋಡಿ. ನಮ್ಮ ಉದಾಹರಣೆಯಲ್ಲಿ ಮೊದಲ ಬೆಳಿಗ್ಗೆ 12.58, ಮರುದಿನ 12.56. ಇದು ಹಿಡಿದುಕೊಳ್ಳುವ ಬ್ಯಾಟರಿ. ಇದರ ಬದಲು 12.5ರಿಂದ ಒಂದೇ ದಿನಕ್ಕೆ 12.1ಕ್ಕೆ ಜಾರಿದ್ದರೆ, ಯಾವುದಕ್ಕೂ ಜೋಡಿಸದೆ ಜಾರಿದ್ದಲ್ಲವೇ, ಒಳಗೇ ಸೋರುತ್ತಿದೆ. ಅಂಥದ್ದಕ್ಕೆ ಎಷ್ಟು ಚಾರ್ಜ್ ಮಾಡಿದರೂ ದುಡ್ಡು ದಂಡ.

ಸೆಲ್ಫ್ ಹೊಡೆಯುವಾಗಿನ ಅಳತೆ

ಬ್ಯಾಟರಿಯ ನಿಜವಾದ ಪರೀಕ್ಷೆ ಇದು. ಸುಮ್ಮನಿದ್ದಾಗ 12.6 ತೋರಿಸಲು ಯಾವ ಶಕ್ತಿಯೂ ಬೇಕಿಲ್ಲ. ಸೆಲ್ಫ್ ಮೋಟರ್ ಒಮ್ಮೆಗೇ ನೂರಾರು ಆಂಪಿಯರ್ ಕೇಳಿದಾಗ ಕೊಡಬೇಕು, ಆಗ ತಾಕತ್ತು ಗೊತ್ತಾಗುತ್ತದೆ.

ಇದಕ್ಕೆ ಇಬ್ಬರು ಬೇಕು. ಗಾಡಿ ನ್ಯೂಟ್ರಲ್ಲಿನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಒಬ್ಬರು ಕೀಲಿ ಹಿಡಿದು ಕೂರಬೇಕು. ಇನ್ನೊಬ್ಬರು ಪ್ರೋಬುಗಳನ್ನು ಸೀಸದ ಗೂಟಗಳ ಮೇಲೆ ಒತ್ತಿ ಹಿಡಿಯಬೇಕು. ಕೈ, ದುಪಟ್ಟಾ, ವೈರು ಯಾವುದೂ ಫ್ಯಾನಿನ ಹತ್ತಿರ ಇರಬಾರದು. ಎಂಜಿನ್ ತಟ್ಟನೆ ಹತ್ತಿಕೊಂಡರೆ ಅಳೆಯಲು ಸಮಯ ಸಿಗುವುದಿಲ್ಲ. ಅದಕ್ಕೆ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದಿಟ್ಟು, "ಹೊಡೀರಿ" ಎಂದಾಗ ಐದು ಸೆಕೆಂಡ್ ಸೆಲ್ಫ್ ಹೊಡೆಸಿ. ಯಾವ ಫ್ಯೂಸ್ ಎಂಬುದು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಬರೆದಿರುತ್ತದೆ. ಐದು ಸೆಕೆಂಡಿಗಿಂತ ಎಳೆಯಬೇಡಿ, ಮತ್ತೊಮ್ಮೆ ಹೊಡೆಯುವ ಮೊದಲು ಅರ್ಧ ನಿಮಿಷ ಬಿಡಿ, ಮೋಟರು ಬಿಸಿಯಾಗುತ್ತದೆ.

ಅಗ್ಗದ ಮೀಟರು ಸೆಕೆಂಡಿಗೆ ಎರಡು-ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ. ಕಣ್ಣಿಗೆ ಸಿಗದಿದ್ದರೆ ಮೊಬೈಲಿನಲ್ಲಿ ಸ್ಕ್ರೀನಿನ ವಿಡಿಯೋ ಹಿಡಿದು ಆಮೇಲೆ ನೋಡಿ. ಮೊದಲ ಕ್ಷಣದ ಕುಸಿತವನ್ನು ಬಿಡಿ, ಎಂಜಿನ್ ತಿರುಗುತ್ತಿರುವಾಗ ಅಂಕಿ ಎಲ್ಲಿ ನಿಲ್ಲುತ್ತದೆ ಎಂಬುದು ಮುಖ್ಯ. 10ರ ಮೇಲೆ ನಿಂತರೆ ಬ್ಯಾಟರಿ ಗಟ್ಟಿ. 9.6ರ ಕೆಳಗೆ ಹೋದರೆ, ಅದೂ ಪೂರ್ತಿ ತುಂಬಿದ ಮೇಲೂ ಹೋದರೆ, ಬ್ಯಾಟರಿ ಮುಗಿದಿದೆ. ನಡುವೆ ಬಂದರೆ ಮಳೆಗಾಲ ಕಳೆದೀತು, ಡಿಸೆಂಬರಿನ ಚಳಿಯ ಬೆಳಿಗ್ಗೆ ಕೈಕೊಟ್ಟೀತು.

ಸಪ್ತಾಪುರದ ಗಾಡಿ ಇಲ್ಲಿ 10.2ರಲ್ಲಿ ನಿಂತಿತು. ಆದರೆ ಎಂಜಿನ್ ತಿರುಗಿದ್ದು ಮಾತ್ರ ಎಳೆದೆಳೆದು, ರುಂಯ್... ರುಂಯ್... ಎಂದು. ಬ್ಯಾಟರಿ ಗಟ್ಟಿ ಇದೆ, ಮೋಟರು ಸೋಮಾರಿ. ದಾರಿಯಲ್ಲಿ ಎಲ್ಲೋ ತಡೆ ಇದೆ.

ಕ್ಲ್ಯಾಂಪಿಗೂ ಗೂಟಕ್ಕೂ ನಡುವೆ

ಸೀಸದ ಗೂಟದ ಮೇಲೇ ಪ್ರೋಬ್ ಇಡಬೇಕೆಂದು ಹೇಳಿದ್ದು ಇದಕ್ಕೆ. ಬ್ಯಾಟರಿಯ ಶಕ್ತಿ ಕ್ಲ್ಯಾಂಪನ್ನು ದಾಟಿ ಹೋಗಬೇಕು. ಗೂಟಕ್ಕೂ ಕ್ಲ್ಯಾಂಪಿಗೂ ನಡುವೆ ಬಿಳಿ-ಹಸಿರು ಪುಡಿ ಬೆಳೆದಿದ್ದರೆ, ಅಥವಾ ಹೊರಗೆ ಏನೂ ಕಾಣದೆ ಒಳಮೈಯಲ್ಲಿ ಕಪ್ಪು ಪೊರೆ ಕಟ್ಟಿದ್ದರೆ, ಅಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ.

ಅಳೆಯುವುದು ಸುಲಭ. ಒಂದು ಪ್ರೋಬ್ ನೆಗೆಟಿವ್ ಗೂಟದ ಮೇಲೆ, ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಲೋಹದ ಮೇಲೆ. ಸೆಲ್ಫ್ ಹೊಡೆಸಿ. ಸುಮ್ಮನಿದ್ದಾಗ ಸೊನ್ನೆ ತೋರಿಸುವ ಮೀಟರು ಈಗ 0.2ರ ಒಳಗೆ ಇರಬೇಕು. ಇದೇ ರೀತಿ ಪಾಸಿಟಿವ್ ಗೂಟ ಮತ್ತು ಸೆಲ್ಫ್ ಮೋಟರಿನ ದಪ್ಪ ವೈರಿನ ಬೋಲ್ಟು ನಡುವೆ 0.5ರ ಒಳಗೆ. ಈ ಪರೀಕ್ಷೆಗೆ ಕರೆಂಟ್ ಹರಿಯುತ್ತಿರಬೇಕು. ಬ್ಯಾಟರಿ ಖಾಲಿ ಇದ್ದು ಬರಿ ಟಕ್ ಟಕ್ ಎನ್ನುವಾಗ ಮಾಡಿದರೆ ಅಂಕಿ ನಂಬುವಂತಿರುವುದಿಲ್ಲ. ಚಾರ್ಜ್ ಆದ ಮೇಲೇ ಮಾಡಬೇಕು.

ಈ ಗಾಡಿಯಲ್ಲಿ ಪಾಸಿಟಿವ್ ಕಡೆ 0.18, ಸರಿ ಇದೆ. ನೆಗೆಟಿವ್ ಕಡೆ 0.74. ಈಗ ಪ್ರೋಬನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸಬೇಕು: ಗೂಟದಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಬಾಡಿಗೆ ಕೂಡುವ ಬೋಲ್ಟಿಗೆ, ಬಾಡಿಯಿಂದ ಎಂಜಿನ್ನಿಗೆ. ಗೂಟ ಮತ್ತು ಕ್ಲ್ಯಾಂಪಿನ ನಡುವೆಯೇ 0.6 ಸಿಕ್ಕಿತು. ನೂರು ಆಂಪಿಯರ್ ಹರಿಯುವಾಗ 0.6 ವೋಲ್ಟ್ ಕಳೆದರೆ 60 ವ್ಯಾಟ್ ಅಷ್ಟೇ ಜಾಗದಲ್ಲಿ ಶಾಖವಾಗುತ್ತಿದೆ ಎಂದರ್ಥ. ಸೆಲ್ಫ್ ಹೊಡೆಸಿದ ಮೇಲೆ ಕ್ಲ್ಯಾಂಪ್ ಮುಟ್ಟಿ ನೋಡಿದರೂ ಬಿಸಿ ಗೊತ್ತಾಗುತ್ತದೆ.

ಸ್ವಚ್ಛ ಮಾಡಲು ಅಡುಗೆ ಸೋಡಾ ಒಂದು ಚಮಚ, ಒಂದು ಲೋಟ ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್. ಬುರುಗು ನಿಲ್ಲುವವರೆಗೆ ತಿಕ್ಕಿ, ಸ್ವಚ್ಛ ನೀರಿನಿಂದ ಒರೆಸಿ, ಒಣಗಿಸಿ. ಸೋಡಾ ನೀರು ಸೆಲ್ಲಿನ ಮುಚ್ಚಳದೊಳಗೆ ಹೋಗಬಾರದು, ಒಳಗಿನ ಆಸಿಡ್ಡನ್ನು ಅದು ಕೊಲ್ಲುತ್ತದೆ. ಗೂಟವನ್ನೂ ಕ್ಲ್ಯಾಂಪಿನ ಒಳಮೈಯನ್ನೂ ಸಣ್ಣ ಸ್ಯಾಂಡ್ ಪೇಪರಿನಿಂದ ಹೊಳೆಯುವ ತನಕ ಉಜ್ಜಿ. ಕ್ಲ್ಯಾಂಪನ್ನು ಗೂಟದ ಬುಡದ ತನಕ ಕೂರಿಸಿ ಬಿಗಿಮಾಡಿ, ಕೈಯಿಂದ ತಿರುಗಿಸಿದರೆ ಅಲ್ಲಾಡಬಾರದು. ವ್ಯಾಸಲೀನ್ ಹಚ್ಚುವುದು ಬಿಗಿಮಾಡಿದ ಮೇಲೆ, ಹೊರಗಿನಿಂದ. ಒಳಗೆ ಹಚ್ಚಿ ಕೂರಿಸುವ ರೂಢಿ ಸರಿಯಲ್ಲ. ಇಷ್ಟು ಮಾಡಿದ ಮೇಲೆ ನೆಗೆಟಿವ್ ಕಡೆ ಒಟ್ಟು 0.15ಕ್ಕೆ ಇಳಿಯಿತು, ಎಂಜಿನ್ ಚುರುಕಾಗಿ ತಿರುಗಿತು.

ಬ್ಯಾಟರಿಯ ತಲೆಯ ಮೇಲಿನ ಕೊಳೆಯನ್ನೂ ಇದೇ ಹೊತ್ತಿಗೆ ನೋಡಬಹುದು. ಕಪ್ಪು ಪ್ರೋಬ್ ನೆಗೆಟಿವ್ ಗೂಟದ ಮೇಲಿಟ್ಟು ಕೆಂಪು ಪ್ರೋಬನ್ನು ಪ್ಲಾಸ್ಟಿಕ್ಕಿನ ಮೇಲೆ ಎಳೆದಾಡಿ. ಪ್ಲಾಸ್ಟಿಕ್ಕಿನ ಮೇಲೆ ವೋಲ್ಟೇಜ್ ಇರಬಾರದು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಧೂಳು, ಆಸಿಡ್ ಆವಿ, ಮಳೆಗಾಲದ ತೇವ ಸೇರಿ ಎರಡು ಗೂಟಗಳ ನಡುವೆ ತಾನಾಗಿ ದಾರಿ ಮಾಡಿಕೊಂಡಿವೆ, ಬ್ಯಾಟರಿ ಅಲ್ಲಿಂದಲೂ ಮೆಲ್ಲಗೆ ಇಳಿಯುತ್ತದೆ. ಅದೇ ಸೋಡಾ ನೀರಿನ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.

ಡೈನಮೋ ತುಂಬುತ್ತಿದೆಯೇ

ಫ್ಯೂಸ್ ಮರಳಿ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿ. ಗೂಟಗಳ ಮೇಲೆ 13.8ರಿಂದ 14.7ರ ನಡುವೆ ಬರಬೇಕು. ಹೆಡ್‌ಲೈಟ್, ಎಸಿ ಹಾಕಿದರೂ 13.5ರ ಕೆಳಗೆ ಬೀಳಬಾರದು. ಎಂಜಿನ್ ಓಡುತ್ತಿದ್ದರೂ 12.5ರಲ್ಲೇ ಕೂತಿದ್ದರೆ ಡೈನಮೋ ಕೆಲಸ ಮಾಡುತ್ತಿಲ್ಲ, ಹೊಸ ಬ್ಯಾಟರಿ ಹಾಕಿದರೂ ಎರಡು ದಿನದಲ್ಲಿ ಖಾಲಿ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ. ಕೆಲವು ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಬೇಕೆಂದೇ ಡೈನಮೋ ವೋಲ್ಟೇಜನ್ನು ಆಗಾಗ 13ರ ಕೆಳಗೆ ಇಳಿಸುತ್ತದೆ. ಅಂಥವುಗಳಲ್ಲಿ ಹೆಡ್‌ಲೈಟ್ ಹಾಕಿಯೇ ಅಳೆಯಿರಿ.

ಎಂಜಿನ್ ಓಡುವಾಗ ಬ್ಯಾಟರಿಯ ವೈರ್ ಬಿಚ್ಚಿ ಡೈನಮೋ ಪರೀಕ್ಷಿಸುವ ಹಳೆಯ ಪದ್ಧತಿ ಈಗಿನ ಗಾಡಿಗಳಿಗೆ ಅಲ್ಲ. ವೋಲ್ಟೇಜ್ ಜಿಗಿದು ಎಂಜಿನ್ ಕಂಪ್ಯೂಟರ್ ಸುಟ್ಟರೆ ಬ್ಯಾಟರಿಯ ಬೆಲೆಯ ಹಲವು ಪಟ್ಟು ಖರ್ಚು.

ಎಳೆಯುತ್ತಿರುವುದು ಯಾವುದು

ಉಳಿದದ್ದು ಟ್ರ್ಯಾಕರಿನ ಲೆಕ್ಕ. ಈಗ ಕೆಂಪು ವೈರನ್ನು `10A` ತೂತಿಗೆ ಬದಲಿಸಿ, ಡಯಲ್ಲನ್ನೂ ಅಲ್ಲಿಗೆ ತಿರುಗಿಸಿ. ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ, ಒಂದು ಪ್ರೋಬ್ ಗೂಟಕ್ಕೆ, ಇನ್ನೊಂದು ಬಿಚ್ಚಿದ ಕ್ಲ್ಯಾಂಪಿಗೆ. ಪ್ರೋಬಿನ ತುದಿಗೆ ಸಿಕ್ಕಿಸುವ ಮೊಸಳೆ ಕ್ಲಿಪ್ಪುಗಳಿದ್ದರೆ ಅನುಕೂಲ, ಅರ್ಧ ತಾಸು ಕೈಯಲ್ಲಿ ಹಿಡಿದು ಕೂರಲಾಗದು. ಬಾಗಿಲು ಹಾಕಿರಬೇಕು, ರಿಮೋಟ್ ಕೀಲಿ ದೂರ ಮನೆಯೊಳಗೆ ಇರಬೇಕು. ಮೀಟರ್ ಹೀಗೆ ಜೋಡಿಸಿರುವಾಗ ಕೀಲಿ ಹಾಕುವುದು, ಸೆಲ್ಫ್ ಹೊಡೆಯುವುದು ಖಂಡಿತ ಬೇಡ, ಸೆಲ್ಫಿನ ಕರೆಂಟನ್ನು ಈ ಮೀಟರು ತಾಳದು.

ಮೊದಲಿಗೆ ಆಂಪಿಯರ್‌ಗಟ್ಟಲೆ ತೋರಿಸುತ್ತದೆ, ಗಾಬರಿ ಬೇಡ. ಗಾಡಿಯ ಕಂಪ್ಯೂಟರುಗಳು ಮಲಗಲು 20-30 ನಿಮಿಷ ತೆಗೆದುಕೊಳ್ಳುತ್ತವೆ. ಆಮೇಲಿನ ಅಂಕಿಯೇ ಲೆಕ್ಕ. ಇಲ್ಲಿ 0.06 ಎಂದು ನಿಂತಿತು, ಅಂದರೆ 60 ಮಿಲಿಆಂಪಿಯರ್. ಬಾಗಿಲು ತೆರೆಯದೆ ಸಿಗುವಂತೆ ಟ್ರ್ಯಾಕರಿನ ಫ್ಯೂಸನ್ನು ಮೊದಲೇ ಹೊರಗೆ ತಂದಿಟ್ಟುಕೊಂಡು ಎಳೆದರೆ ಅಂಕಿ 0.02-0.03ಕ್ಕೆ ಬಿತ್ತು. 10 ಆಂಪಿಯರ್ ತೂತಿನಲ್ಲಿ ಇದಕ್ಕಿಂತ ಸೂಕ್ಷ್ಮ ಸಿಗುವುದಿಲ್ಲ, ನಮಗೆ ಬೇಕಾದದ್ದು ಇಷ್ಟೇ. ಟ್ರ್ಯಾಕರ್ ಅಲ್ಲದಿದ್ದರೆ ಒಂದೊಂದೇ ಫ್ಯೂಸ್ ತೆಗೆದು ಯಾವುದಕ್ಕೆ ಅಂಕಿ ಬೀಳುತ್ತದೆ ನೋಡಬೇಕು. ಹೊರಗಿನಿಂದ ಹಾಕಿಸಿದ ಸ್ಟೀರಿಯೋ, ಡ್ಯಾಶ್ ಕ್ಯಾಮೆರಾ, ರಿವರ್ಸ್ ಕ್ಯಾಮೆರಾಗಳಿಂದ ಶುರುಮಾಡಿ. ನೇರ ಬ್ಯಾಟರಿಯಿಂದ ವೈರ್ ಎಳೆದದ್ದು ಬಹಳ ಸಲ ಇವುಗಳದ್ದೇ.

ಈ ಗಾಡಿಗೆ ಹೊಸ ಬ್ಯಾಟರಿ ಬೇಕಾಗಿಲ್ಲ. ಇಳಿಸಿದ್ದು ಟ್ರ್ಯಾಕರ್, ಸೆಲ್ಫನ್ನು ಸೋಮಾರಿ ಮಾಡಿದ್ದು ನೆಗೆಟಿವ್ ಕ್ಲ್ಯಾಂಪಿನ ಪೊರೆ.

ಮತ್ತೆ ಊರಿಗೆ ಹೋಗುವಾಗ

ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಲು ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಹೋಗುವುದು ಇಲ್ಲಿ ರೂಢಿ. ಲೆಕ್ಕ ಹಾಕಿದರೆ ಅದು ಸಾಲದು. ದಿನಕ್ಕೆ 1.44ರಂತೆ ವಾರಕ್ಕೆ 10 ಆಂಪಿಯರ್-ಅವರ್ ಇಳಿದಿದೆ. ನಿಂತಲ್ಲೇ ಓಡುವ ಎಂಜಿನ್ ಬ್ಯಾಟರಿಗೆ 10 ಆಂಪಿಯರ್ ಕೊಟ್ಟರೂ ಹತ್ತು ನಿಮಿಷಕ್ಕೆ 1.7 ಮಾತ್ರ ಮರಳುತ್ತದೆ. ಕೊಡುವುದಾದರೆ ಹುಬ್ಬಳ್ಳಿಗೆ ಹೋಗಿಬರಲು ಕೊಡಿ, ಧಾರವಾಡದಿಂದ ಹೋಗಿಬರುವ ನಲವತ್ತು ಕಿಲೋಮೀಟರಿನಲ್ಲಿ ಬ್ಯಾಟರಿಗೆ ಏನಾದರೂ ಸೇರುತ್ತದೆ. ಜಂಪ್ ಕೇಬಲ್ ಹಾಕಿ ಎಬ್ಬಿಸಿದ ಗಾಡಿಗೂ ಇದೇ ಮಾತು: ಖಾಲಿ ಬ್ಯಾಟರಿಯನ್ನು ಪೇಟೆಗೆ ಒಂದು ಸುತ್ತು ಹೋಗಿಬಂದು ತುಂಬಿಸಲಾಗದು, ಮನೆಗೆ ಬಂದು ಚಾರ್ಜಿಗೆ ಹಾಕಲೇಬೇಕು.

ಎರಡು ವಾರ ಮೀರಿ ನಿಲ್ಲಿಸುವುದಾದರೆ ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ, ಗೂಟಕ್ಕೆ ತಾಗದಂತೆ ಬಟ್ಟೆ ಸುತ್ತಿ ಬದಿಗೆ ಇಟ್ಟು ಹೋಗುವುದು ಎಲ್ಲಕ್ಕಿಂತ ಸರಳ. ಆಗ ಅಲಾರಂ, ಟ್ರ್ಯಾಕರ್ ಎರಡೂ ಕೆಲಸ ಮಾಡುವುದಿಲ್ಲ, ರಿಮೋಟಿನಿಂದ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಬಿಚ್ಚುವ ಮೊದಲು ಕೀಲಿಯ ಲೋಹದ ಭಾಗದಿಂದ ಬಾಗಿಲು ತೆರೆದು ಹಾಕಿ ನೋಡಿಕೊಳ್ಳಿ, ವರ್ಷಗಟ್ಟಲೆ ಬಳಸದ ಆ ಬೀಗ ಧೂಳಿಗೆ ಬಿಗಿದುಕೊಂಡಿರುತ್ತದೆ. ಸ್ಟೀರಿಯೋ ಕೋಡ್ ಕೇಳುವ ಗಾಡಿಯಾದರೆ ಕೋಡನ್ನು ಬರೆದಿಟ್ಟುಕೊಳ್ಳಿ. ಮರಳಿ ಜೋಡಿಸಿದಾಗ ಗಡಿಯಾರ ಹಚ್ಚಬೇಕು, ತಾನಾಗಿ ಏರುವ ಗ್ಲಾಸುಗಳಿದ್ದರೆ ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಎಳೆದು ಹಿಡಿದರೆ ಹೆಚ್ಚಿನವುಗಳಲ್ಲಿ ಮೊದಲಿನಂತಾಗುತ್ತವೆ.